ಪಡಸಾಲೆಯ ದೀಪಕ್ಕೆ ಬಂದ ಹುಳುಗಳು

ಭರಣಿಯ ಮಳೆ ಒಂದೆರಡು ಹದವಾಗಿ ಬಿದ್ದ ಮೇಲೆ, ಕಪಿಲಾನದಿಯ ದಂಡೆಯ ಊರುಗಳಲ್ಲಿ ಸಂಜೆಗೆ ದೀಪ ಹಚ್ಚುವುದೇ ಒಂದು ತೊಡಕಿನ ಕೆಲಸವಾಗುತ್ತದೆ. ಹಗಲೆಲ್ಲ ಕಾದ ನೆಲ ಮಳೆಯನ್ನು ಕುಡಿದು ತಣಿಯುತ್ತಿರುವಂತೆಯೇ ಹುತ್ತಗಳ ಬಾಯಿ ತೆರೆಯುತ್ತದೆ. ಬೇಲಿಯ ಸಂದಿನಿಂದಲೂ ಗದ್ದೆಯ ಬದುವಿನಿಂದಲೂ ರೆಕ್ಕೆಯ ಹುಳುಗಳು ಹೊಗೆಯಂತೆ ಮೇಲೆದ್ದು, ಎಲ್ಲಿ ಬೆಳಕು ಕಂಡರೆ ಅಲ್ಲಿಗೆ ನುಗ್ಗುತ್ತವೆ. ಊಟಕ್ಕೆ ಕುಳಿತವರು ದೀಪವನ್ನು ಆರಿಸಿ ಕತ್ತಲಲ್ಲಿಯೇ ತುತ್ತು ನುಂಗುವುದೂ ಉಂಟು. ಬೆಳಗಾದರೆ ಹೊಸಲಿನ ಬಳಿ ಹೊಟ್ಟಿನಂತೆ ರೆಕ್ಕೆಗಳ ರಾಶಿ ಬಿದ್ದಿರುತ್ತದೆ. ಅದನ್ನು ಗುಡಿಸಿ ಹೊರಗೆ ಚೆಲ್ಲಿದರೆ ಗೃಹಕೃತ್ಯ ಮುಗಿಯಿತು. ಈ ಹುಳುಗಳನ್ನು ಕೆಲವರು ಈಸಲು ಎನ್ನುತ್ತಾರೆ, ಕೆಲವರು ಮಳೆಹುಳು ಎಂದು ಸುಮ್ಮನಾಗುತ್ತಾರೆ, ಇನ್ನು ಕೆಲವರು ಇರುವೆಗೆ ರೆಕ್ಕೆ ಬಂದಿತೆಂದು ಹೇಳಿ ಕೇಡುಗಾಲದ ಗಾದೆಯೊಂದನ್ನು ಅದಕ್ಕೆ ಜೋಡಿಸುತ್ತಾರೆ. ಇವುಗಳಲ್ಲಿ ಯಾವ ಮಾತೂ ಪೂರ್ತಿಯಾಗಿ ಸುಳ್ಳಲ್ಲ. ಏಕೆಂದರೆ ಆ ಒಂದೇ ಸಂಜೆ ಗೆದ್ದಲೂ ಹಾರುತ್ತದೆ, ಇರುವೆಯೂ ಹಾರುತ್ತದೆ. ಎರಡೂ ಒಂದೇ ದೀಪದ ಕೆಳಗೆ ಬಂದು ಬೀಳುತ್ತವೆ.

ನಂಜನಗೂಡಿನಲ್ಲಿ ವಿಜ್ಞಾನವನ್ನು ಬೋಧಿಸಿ ನಿವೃತ್ತರಾದ ಉಪಾಧ್ಯಾಯರೊಬ್ಬರಿಗೆ ಅಂಥ ಒಂದು ರಾತ್ರಿ ತಿರುಮಕೂಡಲು ನರಸೀಪುರದಿಂದ ಒಂದು ಛಾಯಾಚಿತ್ರ ಬಂದಿತು. ಕಳುಹಿಸಿದವನು ಅವರ ತಂಗಿಯ ಮಗ. ಚಿತ್ರ ಅವರ ಮೊಬೈಲಿನಲ್ಲಿ ಕಾಣಿಸಿದ ಬೆನ್ನಿಗೇ ಕರೆಯೂ ಬಂದಿತು. “ಮಾವ, ಇವು ಇರುವೆ ತಾನೆ?” ಎಂದು ಹುಡುಗ ಕೇಳಿದನು. ಅವನು ಮುಗಿಸುವುದರೊಳಗೆ ತಾಯಿ ಆ ಯಂತ್ರವನ್ನು ಕಿತ್ತುಕೊಂಡು, “ಅಣ್ಣಯ್ಯ, ಇರುವೆ ಅಂತ ಹೇಳಿಬಿಡು ಸಾಕು. ಮದುವೆಗೆ ಇನ್ನು ಇಪ್ಪತ್ತೇ ದಿನ” ಎಂದಳು. ಸಂಗತಿ ಇಷ್ಟು. ಅಂದು ಸಂಜೆ ಚಪ್ಪರದ ಲೆಕ್ಕ ಮಾಡಲು ಮನೆಗೆ ಬಂದಿದ್ದವರ ಜೊತೆಯಲ್ಲಿ ಗೆದ್ದಲಿಗೆ ಔಷಧ ಹೊಡೆಯುವ ಗುತ್ತಿಗೆದಾರನೊಬ್ಬನೂ ಬಂದಿದ್ದನು. ಪಡಸಾಲೆಯ ಕೊಳವೆದೀಪದ ಕೆಳಗೆ ಹುಳುಗಳು ಬೀಳುತ್ತಿದ್ದುದನ್ನು ಕಂಡು ಅವನು, ಮನೆಯ ಮರವೆಲ್ಲ ಹೋಗಿದೆ, ಗೋಡೆಗಳ ಬುಡಕ್ಕೆಲ್ಲ ರಂಧ್ರ ಕೊರೆದು ಔಷಧ ತುಂಬಬೇಕು, ದೇವರಮನೆಯ ಹಳೆಯ ಬಾಗಿಲುವಾಡವನ್ನು ಕಿತ್ತು ಸಿಮೆಂಟಿನದನ್ನು ಹಾಕಬೇಕು ಎಂದು ಹೇಳಿ, ಮದುವೆಯ ಅಡಿಗೆಯ ಖರ್ಚಿಗೆ ಸಮನಾದ ಮೊತ್ತವನ್ನು ಹೇಳಿ ಹೋಗಿದ್ದನು. ಆ ಬಾಗಿಲುವಾಡ ಅಣ್ಣತಂಗಿಯರ ತಾತನ ಕಾಲದ್ದು, ತೇಗದ ಮರದ್ದು. ಅದರ ಪಕ್ಕದಲ್ಲಿಯೇ ಮನೆತನದ ಕಾಗದಪತ್ರಗಳೂ ಕೆಲವು ಓಲೆಯ ಕಟ್ಟುಗಳೂ ಇರುವ ಹಲಸಿನ ಮರದ ಪೆಟ್ಟಿಗೆ ಇತ್ತು.

ಉಪಾಧ್ಯಾಯರು ತಂಗಿಗೆ ಬೇಕಾದ ಉತ್ತರವನ್ನು ಕೊಡಲಿಲ್ಲ. ಮೊದಲು ಚಿತ್ರವನ್ನು ಕುಗ್ಗಿಸದೆ ಮೂಲರೂಪದಲ್ಲಿಯೇ ಮತ್ತೊಮ್ಮೆ ಕಳುಹಿಸೆಂದು ಅಳಿಯನಿಗೆ ಹೇಳಿದರು. ದೂರಕ್ಕೆ ಕಳುಹಿಸುವಾಗ ಈ ಯಂತ್ರಗಳು ಚಿತ್ರವನ್ನು ಹಿಂಡಿ ಹಗುರ ಮಾಡುತ್ತವೆ. ಹಾಗೆ ಮಾಡುವಾಗ ಮೊದಲು ಅಳಿಸಿಹೋಗತಕ್ಕದ್ದು ಹುಳುವಿನ ಮೀಸೆಯೇ. ಎರಡನೆಯ ಸಲ ಬಂದ ಚಿತ್ರವನ್ನು ಹಿಗ್ಗಿಸಿ ನೋಡಿದಾಗ, ಬಿಳಿಯ ಹಾಸುಗಲ್ಲಿನ ಮೇಲೆ ಒಂಬತ್ತು ಹುಳುಗಳು ಲೆಕ್ಕಕ್ಕೆ ಸಿಕ್ಕಿದವು. ಅವರು ಒಂದು ಕಾಗದದ ಮೇಲೆ ಒಂಬತ್ತು ಅಂಕೆಗಳನ್ನು ಬರೆದು ಒಂದೊಂದನ್ನೇ ಪರೀಕ್ಷಿಸತೊಡಗಿದರು.

ಗೆದ್ದಲಿಗೂ ಇರುವೆಗೂ ಇರುವ ಭೇದವನ್ನು ಮೂರು ಗುರುತುಗಳಲ್ಲಿ ಹೇಳುವುದು ವಾಡಿಕೆ. ಇರುವೆಗೆ ನಡು ಸಣ್ಣ, ಗೆದ್ದಲಿಗೆ ನಡುವೇ ಇಲ್ಲ. ಇರುವೆಯ ಮೀಸೆ ಮೊಣಕೈಯಂತೆ ಬಾಗಿದ್ದು, ಗೆದ್ದಲಿನದು ಮಣಿಸರದಂತೆ ನೇರವಾದುದು. ಇರುವೆಯ ಮುಂದಿನ ರೆಕ್ಕೆ ದೊಡ್ಡದು, ಹಿಂದಿನದು ಚಿಕ್ಕದು. ಗೆದ್ದಲಿನ ನಾಲ್ಕು ರೆಕ್ಕೆಗಳೂ ಒಂದೇ ಅಳತೆಯವು. ಇವು ಬಾಯಿಪಾಠಕ್ಕೆಂದು ಯಾರೋ ಕಟ್ಟಿದ ಗುರುತುಗಳಲ್ಲ. ಎರಡು ಜಂತುಗಳ ಕುಲವೇ ಬೇರೆ. ಇರುವೆ ಕಣಜದ ಮತ್ತು ಜೇನಿನ ನಂಟು. ಕಣಜದ ನಡುವನ್ನು ನೋಡಿದವರಿಗೆ ಇರುವೆಯ ನಡು ಎಲ್ಲಿಂದ ಬಂದಿತೆಂಬುದು ತಿಳಿಯುತ್ತದೆ. ಗೆದ್ದಲಾದರೋ ಜಿರಲೆಯ ನಂಟು. ಬಹುಕಾಲ ಅದನ್ನು ಒಂದು ಪ್ರತ್ಯೇಕ ವರ್ಗವೆಂದೇ ಎಣಿಸುತ್ತಿದ್ದರು. ೨೦೦೭ರಲ್ಲಿ ಲಂಡನ್ನಿನ ವಿದ್ವಾಂಸರು ವಂಶವಾಹಿಗಳ ಪರೀಕ್ಷೆಯಿಂದ ಅದು ಜಿರಲೆಗಳ ವರ್ಗದೊಳಗೇ ಸೇರತಕ್ಕದ್ದೆಂದು ತೋರಿಸಿಕೊಟ್ಟರು. ಜಿರಲೆಗೆ ನಡುವಿನ ಸೊಗಸೆಲ್ಲಿಯದು? ನಮ್ಮ ಭಾಷೆ ಈ ವಿಷಯದಲ್ಲಿ ಮೊದಲಿನಿಂದಲೂ ಎಚ್ಚರವಾಗಿದ್ದಿತೆನ್ನಬೇಕು. ಗೆದ್ದಲು, ಒರಲೆ ಎಂಬ ಹೆಸರುಗಳಲ್ಲಿ ಇರುವೆಯ ಸೋಂಕೇ ಇಲ್ಲ. ಇಂಗ್ಲಿಷರು ಅದನ್ನು ‘ಬಿಳಿಯ ಇರುವೆ’ ಎಂದು ಕರೆದು ಬಿಟ್ಟುಹೋದ ಮಾತು ಮಾತ್ರ ಇಂದಿಗೂ ಗೊಂದಲವನ್ನೆಬ್ಬಿಸುತ್ತಿದೆ. ಇದೇ ಕಾವೇರಿ ಸಮುದ್ರವನ್ನು ಸೇರುವ ತಂಜಾವೂರು ಸೀಮೆಯಲ್ಲಿ ಗೆದ್ದಲನ್ನು ಪರೀಕ್ಷಿಸಿದ ಕೋಯ್ನಿಗ್ ಎಂಬ ವೈದ್ಯನು ೧೭೭೯ರಲ್ಲಿ ಅದರ ವಿಷಯವಾಗಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಲೇಖನದ ತಲೆಬರಹದಲ್ಲಿಯೇ ‘ಬಿಳಿಯ ಇರುವೆಗಳೆನಿಸಿಕೊಳ್ಳುವ’ ಎಂದು ಒಂದು ಅನುಮಾನದ ಮಾತನ್ನು ಸೇರಿಸಿದ್ದನು.

ಗುರುತುಗಳು ಮೂರೆಂದು ಹೇಳುವುದು ಸುಲಭ; ಮನೆಯೊಳಗೆ, ರಾತ್ರಿಯ ದೀಪದಲ್ಲಿ, ಕೈ ನಡುಗುತ್ತ ತೆಗೆದ ಚಿತ್ರದಲ್ಲಿ ಅವುಗಳನ್ನು ಕಾಣುವುದು ಬೇರೆಯ ಮಾತು. ನಡುವನ್ನೇ ತೆಗೆದುಕೊಳ್ಳೋಣ. ಎಲ್ಲರೂ ಮೊದಲು ಹುಡುಕುವುದು ಅದನ್ನು. ಚಿತ್ರದಲ್ಲಿ ಮೊದಲು ಮರೆಯಾಗುವುದೂ ಅದೇ. ಗೆದ್ದಲು ಕುಳಿತಾಗ ತನ್ನ ನಾಲ್ಕು ರೆಕ್ಕೆಗಳನ್ನೂ ಒಂದರ ಮೇಲೊಂದಾಗಿ ಬೆನ್ನಿನ ಮೇಲೆ ಚಪ್ಪಟೆಯಾಗಿ ಹಾಸಿಕೊಳ್ಳುತ್ತದೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ತಲೆ ಕಾಣುತ್ತದೆ, ಕೊರಳು ಕಾಣುತ್ತದೆ. ಅಲ್ಲಿಂದ ಹಿಂದಕ್ಕೆ ಹೊಗೆಬಣ್ಣದ ಒಂದು ಹೊದಿಕೆಯಲ್ಲದೆ ಬೇರೇನೂ ಕಾಣುವುದಿಲ್ಲ. ಇರುವೆಯ ರೆಕ್ಕೆಯೂ ಅದರ ಹೊಟ್ಟೆಯನ್ನು ಮುಚ್ಚುತ್ತದೆ. ನಡುವನ್ನು ನೋಡಬೇಕಾದರೆ ಹುಳುವಿನ ಪಕ್ಕಕ್ಕೆ, ನೆಲದ ಮಟ್ಟಕ್ಕೆ ಕಣ್ಣನ್ನು ಇಳಿಸಬೇಕು. ಪಕ್ಕದಿಂದ ನೋಡಿದರೆ ಇರುವೆಯ ಎದೆಗೂ ಹೊಟ್ಟೆಗೂ ನಡುವೆ ಒಂದು ಗಂಟು, ಕೆಲವು ಜಾತಿಗಳಲ್ಲಿ ಎರಡು ಗಂಟು, ದಾರಕ್ಕೆ ಪೋಣಿಸಿದ ಕಾಳಿನಂತೆ ಎದ್ದು ತೋರುತ್ತದೆ. ಗೆದ್ದಲಿನಲ್ಲಿ ಎದೆ ಹೊಟ್ಟೆಗಳು ಒಂದೇ ಅಗಲದಲ್ಲಿ ಕೂಡಿಕೊಂಡಿರುತ್ತವೆ.

ಉಪಾಧ್ಯಾಯರ ಅದೃಷ್ಟಕ್ಕೆ ಒಂಬತ್ತರಲ್ಲಿ ಎರಡು ಹುಳುಗಳು ಆಗಲೇ ರೆಕ್ಕೆಗಳನ್ನು ಕಳಚಿಹಾಕಿದ್ದವು. ಅವುಗಳ ಮೈ ಬರಿದಾಗಿ, ಎದೆಯಿಂದ ಹೊಟ್ಟೆಯ ತುದಿಯವರೆಗೆ ಒಂದೇ ಸಮನಾಗಿ ಹುರಿದ ಕಡಲೆಯ ಬಣ್ಣದಲ್ಲಿ ಹೊಳೆಯುತ್ತಿತ್ತು. ನಡುವೆಂಬುದು ಎಲ್ಲಿಯೂ ಇರಲಿಲ್ಲ. ಅಷ್ಟೇ ಅಲ್ಲ, ಅವೆರಡೂ ಒಂದರ ಹಿಂದೊಂದು ಮೂತಿಗೆ ಬಾಲ ತಗಲುವಷ್ಟು ಹತ್ತಿರ ನಡೆಯುತ್ತಿದ್ದವು. ಇದು ಗೆದ್ದಲಿನ ದಾಂಪತ್ಯದ ಮೊದಲ ಹೆಜ್ಜೆ. ರೆಕ್ಕೆ ಬಿಸುಟ ಹೆಣ್ಣು ಮುಂದೆ, ಗಂಡು ಅದರ ಬೆನ್ನಿಗಂಟಿ ಹಿಂದೆ. ಹೀಗೆ ನಡೆದು ನೆಲದಲ್ಲಿ ಬಿರುಕನ್ನು ಹುಡುಕಿ ಇಬ್ಬರೂ ಒಳಗೆ ಸೇರುತ್ತವೆ, ಮುಂದೆ ಇಬ್ಬರೂ ಅಲ್ಲಿಯೇ ರಾಜರಾಣಿಯರಾಗಿ ಇರುತ್ತವೆ. ಇರುವೆಗಳಲ್ಲಿ ಈ ಬಗೆಯ ಸಂಸಾರವಿಲ್ಲ. ಕೂಡಿದ ಮೇಲೆ ಗಂಡು ಬೇಗನೆ ಸಾಯುತ್ತದೆ. ಹೆಣ್ಣೊಂದೇ ರೆಕ್ಕೆ ಮುರಿದುಕೊಂಡು ಗೂಡು ತೊಡಗುತ್ತದೆ. ಪಡಸಾಲೆಯ ಮಬ್ಬು ಚಿತ್ರವೊಂದು ಮೂರು ಗುರುತುಗಳಿಗೆ ಹೊರತಾದ ನಾಲ್ಕನೆಯ ಸಾಕ್ಷಿಯೊಂದನ್ನು ಹೀಗೆ ಕೊಟ್ಟಿತು.

ಮೀಸೆಯ ಮಾತು ಇನ್ನೂ ಸೂಕ್ಷ್ಮವಾದುದು. ಹೆಣ್ಣಿರುವೆಯ ಮೀಸೆಯ ಮೊದಲ ಗಿಣ್ಣು ಉದ್ದವಾದ ಒಂದು ಕೋಲು. ಅದರ ತುದಿಯಲ್ಲಿ ಮೀಸೆ ಥಟ್ಟನೆ ಬಾಗಿ ಮುಂದಕ್ಕೆ ಹೋಗುತ್ತದೆ. ಈ ಬಾಗು ಚಿತ್ರದಲ್ಲಿ ಕಂಡರೆ ಅದು ಗೆದ್ದಲಲ್ಲವೆಂದು ನಿಶ್ಚಯವಾಗಿ ಹೇಳಬಹುದು. ಆದರೆ ಬಾಗು ಕಾಣದಿದ್ದ ಮಾತ್ರಕ್ಕೆ ಗೆದ್ದಲೆಂದು ಹೇಳಲಾಗದು. ಅನೇಕರು ಎಡವುವುದು ಇಲ್ಲಿಯೇ. ದೀಪಕ್ಕೆ ಬರುವ ಇರುವೆಗಳಲ್ಲಿ ಗಂಡುಗಳು ಬಹಳ. ಹಲವು ಜಾತಿಯ ಗಂಡುಗಳಲ್ಲಿ ಆ ಮೊದಲ ಗಿಣ್ಣು ಮೊಟಕಾಗಿರುವುದರಿಂದ ಮೀಸೆ ಹೆಚ್ಚು ಕಡಮೆ ನೇರವಾದ ದಾರದಂತೆಯೇ ತೋರುತ್ತದೆ. ಇನ್ನು ಗೆದ್ದಲಿನ ಮಣಿಸರವನ್ನು ಎಣಿಸಬೇಕಾದರೆ ಭೂತಗನ್ನಡಿ ಬೇಕು. ಬಿಳಿಯ ಹಾಸುಗಲ್ಲು ದೀಪದ ಬೆಳಕನ್ನು ಹಿಂದಕ್ಕೆಸೆಯುವುದರಿಂದ ಸಣ್ಣ ಎಳೆಗಳೆಲ್ಲ ಬೆಳಕಿನಲ್ಲಿ ಕರಗಿಹೋಗುತ್ತವೆ. ಅಂಥ ಕಡೆಗಳಲ್ಲಿ ಮೀಸೆಗಿಂತ ಮೀಸೆಯ ನೆರಳನ್ನು ಹುಡುಕುವುದು ಲೇಸು. ಏಳನೆಯ ಅಂಕೆಯ ಹುಳುವಿನ ಮೀಸೆ ಚಿತ್ರದಲ್ಲಿ ಸ್ವಲ್ಪವೂ ಕಾಣುತ್ತಿರಲಿಲ್ಲ. ಅದರ ನೆರಳು ಮಾತ್ರ ಕಲ್ಲಿನ ಮೇಲೆ ಕೊಡಲಿಯ ಕಾವಿನಂತೆ ಮುರಿದು ಬಿದ್ದಿತ್ತು.

ಕೊನೆಗೆ ಉಪಾಧ್ಯಾಯರು ಹೆಚ್ಚಾಗಿ ನಂಬಿದುದು ರೆಕ್ಕೆಯನ್ನು. ಅದಕ್ಕೆ ಕಾರಣವುಂಟು. ರೆಕ್ಕೆ ದೊಡ್ಡದು, ಚಪ್ಪಟೆಯಾದುದು, ಮಬ್ಬು ಚಿತ್ರದಲ್ಲಿಯೂ ಅದರ ಅಂಚು ಉಳಿಯುತ್ತದೆ. ನಾಲ್ಕೂ ಸಮನಾಗಿವೆಯೇ ಎಂಬುದನ್ನು ಕುಳಿತ ಹುಳುವಿನಲ್ಲಿ ನೋಡುವುದು ಕಷ್ಟ, ಒಂದರ ಕೆಳಗೊಂದು ಅಡಗಿರುತ್ತದೆ. ಆದರೆ ಮತ್ತೊಂದು ಲೆಕ್ಕವಿದೆ. ಹುಳುವಿನ ತಲೆಯಿಂದ ಹೊಟ್ಟೆಯ ತುದಿಯವರೆಗಿನ ಉದ್ದವನ್ನೂ ಹೆಗಲಿನಿಂದ ರೆಕ್ಕೆಯ ತುದಿಯವರೆಗಿನ ಉದ್ದವನ್ನೂ ಒಂದು ಕಾಗದದ ಪಟ್ಟಿಯಿಂದ ಅಳೆದು ಹೋಲಿಸುವುದು. ಒಂದೇ ಹುಳುವಿನ ಎರಡು ಅಳತೆಗಳಾದುದರಿಂದ, ಚಿತ್ರ ಎಷ್ಟು ಹಿಗ್ಗಿದ್ದರೂ ಕುಗ್ಗಿದ್ದರೂ ಈ ಹೋಲಿಕೆ ಕೆಡುವುದಿಲ್ಲ. ಬೇರೆ ಬೇರೆ ಹುಳುಗಳನ್ನು ಒಂದಕ್ಕೊಂದು ಹೋಲಿಸಿದರೆ ಮಾತ್ರ ಮೋಸ ಹೋಗಬೇಕಾಗುತ್ತದೆ. ಮೊಬೈಲನ್ನು ಓರೆಯಾಗಿ ಹಿಡಿದಾಗ ಹತ್ತಿರದ್ದು ದೊಡ್ಡದಾಗಿಯೂ ದೂರದ್ದು ಚಿಕ್ಕದಾಗಿಯೂ ಬೀಳುತ್ತದೆ. ಅಳೆದು ನೋಡಲಾಗಿ, ನಾಲ್ಕು ಹುಳುಗಳಲ್ಲಿ ರೆಕ್ಕೆ ಮೈಗಿಂತ ಸುಮಾರು ಎರಡರಷ್ಟಿತ್ತು. ರೆಕ್ಕೆಯ ಅರ್ಧದಷ್ಟು ಹೊಟ್ಟೆಯನ್ನು ದಾಟಿ ಹಿಂದಕ್ಕೆ ಚಾಚಿಕೊಂಡಿತ್ತು. ಏಳನೆಯ ಮತ್ತು ಎಂಟನೆಯ ಹುಳುಗಳಲ್ಲಿ ರೆಕ್ಕೆಯ ತುದಿ ಹೊಟ್ಟೆಯನ್ನು ಸ್ವಲ್ಪವೇ ದಾಟಿತ್ತು. ಅವುಗಳ ರೆಕ್ಕೆಯಲ್ಲಿ ನರಗಳು ಕಡಮೆಯಾದರೂ ಕಪ್ಪಾಗಿ ಎದ್ದು ಕಾಣುತ್ತಿದ್ದವು. ಮುಂದಂಚಿನ ಮೇಲೆ ಒಂದು ಕಂದು ಬೊಟ್ಟೂ ಇದ್ದಿತು. ಗೆದ್ದಲಿನ ರೆಕ್ಕೆಯಲ್ಲಿ ಅಂಥ ಬೊಟ್ಟಿಲ್ಲ. ಅದರ ಮುಂದಂಚಿನ ಒಂದೆರಡು ನರಗಳನ್ನು ಬಿಟ್ಟರೆ ಉಳಿದುವೆಲ್ಲ ನೀರಿನಲ್ಲಿ ಬರೆದ ಗೆರೆಯಷ್ಟು ನವಿರು.

ಇರುವೆಯ ರೆಕ್ಕೆಗಳು ಏಕೆ ಸಮನಲ್ಲವೆಂಬುದಕ್ಕೂ ಕಾರಣ ಅದರ ಕುಲದಲ್ಲಿದೆ. ಕಣಜದಂತೆ ಇರುವೆಯೂ ಹಿಂದಿನ ರೆಕ್ಕೆಯ ಅಂಚಿನಲ್ಲಿ ಸಣ್ಣ ಕೊಕ್ಕೆಗಳ ಸಾಲೊಂದನ್ನು ಇಟ್ಟುಕೊಂಡಿರುತ್ತದೆ. ಹಾರುವಾಗ ಅವು ಮುಂದಿನ ರೆಕ್ಕೆಯ ಅಂಚಿಗೆ ಸಿಕ್ಕಿ ಎರಡೂ ಒಂದಾಗಿ ಬಡಿಯುತ್ತವೆ. ಹಾಗಾಗಿ ಹಿಂದಿನದು ಮುಂದಿನದಕ್ಕೆ ಹಚ್ಚಿದ ಒಂದು ಅಂಚು ಮಾತ್ರ, ಚಿಕ್ಕದಾಗಿದ್ದರೂ ನಡೆಯುತ್ತದೆ. ಗೆದ್ದಲಿನಲ್ಲಿ ಆ ಕೊಕ್ಕೆಗಳಿಲ್ಲ, ನಾಲ್ಕೂ ಬಿಡಿಬಿಡಿ. ಅದರ ಹಾರಾಟ ನೋಡಿದವರು ಅದನ್ನು ಹಾರಾಟವೆನ್ನಲೂ ಹಿಂಜರಿಯುತ್ತಾರೆ. ಗಾಳಿ ಕೊಂಡೊಯ್ದಲ್ಲಿಗೆ ತೇಲುವುದೇ ಹೆಚ್ಚು. ಜೀವಮಾನದಲ್ಲಿ ಒಂದೇ ಸಲ ಬೇಕಾದ ಈ ರೆಕ್ಕೆಗಳನ್ನು ಕಳಚುವುದಕ್ಕೆ ಮಾತ್ರ ಅದು ಒಳ್ಳೆಯ ಏರ್ಪಾಟು ಮಾಡಿಕೊಂಡಿದೆ. ಪ್ರತಿಯೊಂದು ರೆಕ್ಕೆಯ ಬುಡದಲ್ಲಿ ಅಡ್ಡಲಾಗಿ ಒಂದು ಗೆರೆಯಿದೆ. ಮೈಯನ್ನು ಸ್ವಲ್ಪ ಕೊಂಕಿಸಿದರೆ ಆ ಗೆರೆಯಲ್ಲಿಯೇ ರೆಕ್ಕೆ ಮುರಿದು ಬೀಳುತ್ತದೆ, ಬುಡದ ಮೊಟಕು ಚೂರು ಮೈಯಲ್ಲಿಯೇ ಉಳಿಯುತ್ತದೆ. ಆದುದರಿಂದಲೇ ಗೆದ್ದಲಿನ ಉದುರಿದ ರೆಕ್ಕೆಗಳೆಲ್ಲ ಒಂದೇ ಉದ್ದ, ಎಲ್ಲಕ್ಕೂ ಬುಡದಲ್ಲಿ ಕತ್ತರಿಸಿದಂಥ ಅಂಚು. ಹುಳುವೇ ಇಲ್ಲದೆ ಬರಿಯ ರೆಕ್ಕೆಗಳ ರಾಶಿಯಿದ್ದರೂ ಗೆದ್ದಲನ್ನು ಗುರುತಿಸಬಹುದು. ಇದು ನಡುವಿನಿಂದಾಗಲಿ ಮೀಸೆಯಿಂದಾಗಲಿ ಆಗತಕ್ಕ ಕೆಲಸವಲ್ಲ.

ನಡುವಿನ ಗುರುತನ್ನು ಮಾತ್ರ ನಂಬಿದವರನ್ನು ಏಮಾರಿಸುವ ಇರುವೆಯೊಂದು ಇದೇ ಜಿಲ್ಲೆಯ ದೀಪಗಳಿಗೂ ಬರುತ್ತದೆ. ಡೊರೈಲಸ್ ಎಂಬ ಕುಲದ ಗಂಡು ಅದು. ಜೇನಿನ ಬಣ್ಣ, ರೋಮ ತುಂಬಿದ ಮೈ, ಚಿಕ್ಕ ಬೆರಳಿನ ಗಿಣ್ಣಿನಷ್ಟು ದಪ್ಪ, ಉದ್ದನೆಯ ಕೊಳವೆಯಂಥ ಹೊಟ್ಟೆ. ಮೇಲಿನಿಂದ ನೋಡಿದರೆ ನಡುವೆಲ್ಲಿದೆಯೆಂದು ಹುಡುಕಬೇಕು. ಇದನ್ನು ಇರುವೆಯೆಂದು ಹೇಳಿದರೆ ನಂಬುವವರು ವಿರಳ. ಇಂಥಲ್ಲಿಯೂ ರೆಕ್ಕೆಗಳ ಅಸಮತೆಯೇ ನಿಜವನ್ನು ಹೇಳುತ್ತದೆ.

ಒಂಬತ್ತನೆಯ ಹುಳು ಚಿತ್ರದ ಅಂಚಿನಲ್ಲಿತ್ತು. ಅರ್ಧ ಚಾಪೆಯ ಕೆಳಗೆ ಸೇರಿ, ಉಳಿದರ್ಧ ಮಸಕಾಗಿತ್ತು. ಉಪಾಧ್ಯಾಯರು ಅದರ ಮುಂದೆ ಏನನ್ನೂ ಬರೆಯದೆ ಬಿಟ್ಟರು. ಆರು ಗೆದ್ದಲು, ಎರಡು ಇರುವೆ, ಒಂದು ಖಾಲಿ: ಇದು ಅವರ ಪಟ್ಟಿ. ಎಲ್ಲವೂ ಗೆದ್ದಲೆಂದ ಗುತ್ತಿಗೆದಾರನ ಮಾತೂ ನಿಲ್ಲಲಿಲ್ಲ, ಎಲ್ಲವೂ ಇರುವೆಯಾಗಲೆಂದು ಬೇಡಿಕೊಂಡ ತಂಗಿಯ ಆಸೆಯೂ ಫಲಿಸಲಿಲ್ಲ.

ಆದರೂ ಅವರು ತಂಗಿಗೆ ಧೈರ್ಯವನ್ನೇ ಹೇಳಿದರು. ಚಿತ್ರ ಹೇಳತಕ್ಕದ್ದು ಹುಳು ಯಾವುದೆಂಬುದನ್ನು, ಎಲ್ಲಿಂದ ಬಂದಿತೆಂಬುದನ್ನಲ್ಲ. ನರಸೀಪುರದ ಸುತ್ತಲೂ ಕಬ್ಬಿನ ಗದ್ದೆಗಳು, ಬದುಗಳ ಮೇಲೆ ಹುತ್ತಗಳು. ಮಳೆ ಬಿದ್ದ ರಾತ್ರಿ ಕಿಟಕಿ ತೆರೆದಿಟ್ಟು ದೀಪ ಹಚ್ಚಿದರೆ ಹುತ್ತದ ಗೆದ್ದಲು ಬಾರದಿರುವುದೇ ಆಶ್ಚರ್ಯ. ರೆಕ್ಕೆಯ ಈ ಹುಳುಗಳು ಮರವನ್ನು ತಿನ್ನುವುದೂ ಇಲ್ಲ. ತಿನ್ನುವ ಕೆಲಸ ಹುತ್ತದೊಳಗಿನ ಆಳುಗಳದು. ಮರುದಿನ ಬೆಳಗ್ಗೆ ಪೊರಕೆ ಮುಟ್ಟಬಾರದೆಂದೂ, ಮನೆಯಲ್ಲಿ ಎಲ್ಲೆಲ್ಲಿ ರೆಕ್ಕೆ ಬಿದ್ದಿದೆಯೋ ಅಲ್ಲಲ್ಲಿ ಶಾಲೆಯ ಗೆರೆಪಟ್ಟಿಯನ್ನು ಪಕ್ಕದಲ್ಲಿಟ್ಟು ಬೇರೆ ಬೇರೆ ಚಿತ್ರ ತೆಗೆಯಬೇಕೆಂದೂ ಅಳಿಯನಿಗೆ ತಿಳಿಸಿದರು. ಹುಡುಗನು ರೂಪಾಯಿ ನಾಣ್ಯವನ್ನು ಇಡಬಹುದೇ ಎಂದು ಕೇಳಿದನು. ೨೦೧೧ರ ಮಾದರಿಯ ರೂಪಾಯಿ ಸುಮಾರು ೨೨ ಮಿಲಿಮೀಟರು, ೨೦೧೯ರ ಮಾದರಿಯದು ೨೦. ಯಾವುದನ್ನು ಇಟ್ಟನೆಂಬುದು ಮರೆತರೆ ಅಳತೆಯೇ ತಪ್ಪುತ್ತದೆ, ಗೆರೆಪಟ್ಟಿಯೇ ಇರಲಿ ಎಂದರು.

ಬೆಳಗ್ಗೆ ಎರಡು ಚಿತ್ರಗಳು ಬಂದವು. ಪಡಸಾಲೆಯ ರಾಶಿಯಲ್ಲಿ ರೆಕ್ಕೆಗಳ ಉದ್ದ ೨೪ ಮಿಲಿಮೀಟರಿನ ಹತ್ತಿರ; ನಿರೀಕ್ಷಿಸಿದ್ದೇ. ಎರಡನೆಯದು ದೇವರಮನೆಯ ಹೊಸಲಿನ ಒಳಬದಿಯದು. ಅಲ್ಲಿಯೂ ರೆಕ್ಕೆಗಳಿದ್ದವು, ಒಂದು ಹಿಡಿಯಷ್ಟು; ಎಲ್ಲವೂ ಸಮನಾದ ಉದ್ದ, ಬುಡದಲ್ಲಿ ಕತ್ತರಿಸಿದ ಅಂಚು. ಆದರೆ ಗೆರೆಪಟ್ಟಿಯ ಪಕ್ಕದಲ್ಲಿ ಅವು ೧೧ ಮಿಲಿಮೀಟರಿಗಿಂತ ಹೆಚ್ಚಿರಲಿಲ್ಲ. ಎರಡು ರಾಶಿಗಳೂ ಗೆದ್ದಲಿನವೇ. ಆದರೆ ಒಂದೇ ಗೆದ್ದಲಿನವಲ್ಲ. ದೊಡ್ಡ ರೆಕ್ಕೆ ಅರ್ಧಕ್ಕೆ ಮುರಿದು ಚಿಕ್ಕದಾಗಿರಬಹುದೇ ಎಂದು ಹಿಗ್ಗಿಸಿ ನೋಡಿದರು. ತುದಿಗಳೆಲ್ಲ ದುಂಡಾಗಿ ಅಖಂಡವಾಗಿದ್ದವು.

ಉಪಾಧ್ಯಾಯರು ತಂಗಿಯನ್ನು ಕೆಲವೇ ಪ್ರಶ್ನೆಗಳನ್ನು ಕೇಳಿದರು. ದೇವರಮನೆಗೆ ಕಿಟಕಿಯಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಸಂಜೆ ದೀಪ ಹಚ್ಚಿ ಬಾಗಿಲನ್ನು ಎಳೆದುಕೊಂಡೆನೆಂದು ಅವಳು ಹೇಳಿದಳು. ಒಳಗಿದ್ದುದು ನಂದಾದೀಪದ ಕುಡಿಯೊಂದೇ. ಹೊರಗಿನಿಂದ ಬಂದ ಹುಳುಗಳು ಪಡಸಾಲೆಯ ಕೊಳವೆದೀಪವನ್ನು ಬಿಟ್ಟು, ಮುಚ್ಚಿದ ಬಾಗಿಲಿನ ಕೆಳಗೆ ನುಸುಳಿ, ಆ ಸಣ್ಣ ಕುಡಿಯನ್ನು ಅರಸಿ ಹೋಗುವುದುಂಟೆ? ಹೋದವೆಂದೇ ಇಟ್ಟುಕೊಂಡರೂ, ಅವುಗಳಲ್ಲಿ ಒಂದಾದರೂ ಪಡಸಾಲೆಯಲ್ಲಿ ಬೀಳಬೇಕಾಗಿತ್ತು. ಅಲ್ಲಿ ಚಿಕ್ಕ ರೆಕ್ಕೆ ಒಂದೂ ಇರಲಿಲ್ಲ, ಇಲ್ಲಿ ದೊಡ್ಡ ರೆಕ್ಕೆ ಒಂದೂ ಇರಲಿಲ್ಲ. “ಅಣ್ಣಯ್ಯ, ನಿನ್ನೆ ಧೈರ್ಯ ಹೇಳಿದ್ದೆಯಲ್ಲ?” ಎಂದು ತಂಗಿ ಕೇಳಿದಳು. “ಪಡಸಾಲೆಗೆ ಹೇಳಿದ್ದು ಈಗಲೂ ಹಾಗೆಯೇ ಇದೆಯಮ್ಮ. ದೇವರಮನೆಯ ಮಾತು ಬೇರೆ. ನಾನೇ ಬರುತ್ತೇನೆ” ಎಂದು ಉಪಾಧ್ಯಾಯರು ಹತ್ತು ಗಂಟೆಯ ಬಸ್ಸಿಗೆ ಹೊರಟರು.

ಅಲ್ಲಿ ಅವರು ಮಾಡಿದ ಪರೀಕ್ಷೆಗೆ ಯಾವ ಯಂತ್ರವೂ ಬೇಕಾಗಲಿಲ್ಲ. ಬೀಗದ ಕೈಯಿಂದ ಬಾಗಿಲುವಾಡವನ್ನು ಮೇಲಿನಿಂದ ಕೆಳಕ್ಕೆ ತಟ್ಟುತ್ತ ಬಂದರು. ಬಲಗಡೆಯ ನಿಲುವು ನೆಲದವರೆಗೂ ಗಟ್ಟಿಯಾಗಿ ನುಡಿಯಿತು. ಎಡಗಡೆಯದು ಕೆಳಗಿನ ಒಂದು ಗೇಣಿನಲ್ಲಿ ಬುರುಡೆಯಂತೆ ಸದ್ದು ಮಾಡಿತು. ಹಳೆಯ ಕೊಡೆಯ ಕಡ್ಡಿಯನ್ನು ಒತ್ತಿದರೆ ಬಣ್ಣದ ಪದರವನ್ನು ದಾಟಿ ಎರಡಂಗುಲ ಒಳಗಿಳಿಯಿತು. ಬೆನ್ನ ಹಿಂದೆ, ಗೋಡೆಯೂ ನೆಲವೂ ಸೇರುವ ಮೂಲೆಯ ಬಿರುಕಿನಿಂದ ಪೆನ್ಸಿಲಿನ ಗಾತ್ರದ ಮಣ್ಣಿನ ಕೊಳವೆಯೊಂದು ಮರಕ್ಕೆ ಹತ್ತಿತ್ತು. ಗುತ್ತಿಗೆದಾರನು ಹೆದರಿಸಿದ್ದ ಮೇಲ್ಛಾವಣಿಯ ತೊಲೆ ರೀಪುಗಳನ್ನು ಏಣಿ ಹಾಕಿ ನೋಡಿದರೆ, ಅಲ್ಲಿ ಧೂಳಲ್ಲದೆ ಮಣ್ಣಿನ ಗೆರೆಯ ಸುಳಿವೇ ಇರಲಿಲ್ಲ.

ಆ ಒಂದು ಗೇಣು ಮಾತ್ರ ಹೋದುದೇಕೆ? ಬಡಗಿ ಬಂದು ಬಣ್ಣವನ್ನು ಕೆರೆದಾಗ ಕಾರಣ ಹೊರಬಿದ್ದಿತು. ಹಿಂದೆ ಯಾವಾಗಲೋ ನೀರು ನಿಂತು ತೇಗದ ಬುಡ ಮೆತ್ತಗಾದಾಗ, ಅಷ್ಟನ್ನು ಕತ್ತರಿಸಿ ಮಾವಿನ ಮರದ ತುಂಡೊಂದನ್ನು ಕೂಡಿಸಿ ಮೇಲೆ ಬಣ್ಣ ಬಳಿದಿದ್ದರು. ಗೆದ್ದಲು ಮಾವಿನ ತುಂಡನ್ನು ತಿಂದು ತೇಗದ ಕೂಡಿನಲ್ಲಿ ನಿಂತಿತ್ತು. ಹಳೆಯ ತೇಗದ ತಿರುಳು ಅದಕ್ಕೆ ರುಚಿಸುವುದಿಲ್ಲ. ಬಡಗಿಗಳು ಇದನ್ನು ಪುಸ್ತಕದಿಂದ ಕಲಿತವರಲ್ಲ.

ಉಪಾಧ್ಯಾಯರು ಬಡಗಿಯನ್ನು ಕೂಡಲೆ ಕೆಲಸಕ್ಕೆ ಬಿಡಲಿಲ್ಲ. ಬರಿಯ ಮಣ್ಣಿನ ಕೊಳವೆ ಕಂಡರೆ ಒಳಗೆ ಗೆದ್ದಲು ಈಗಲೂ ಓಡಾಡುತ್ತಿದೆಯೆಂದು ಅರ್ಥವಲ್ಲ. ಬಿಟ್ಟುಹೋದ ಕೊಳವೆ ಎಷ್ಟೋ ವರ್ಷ ಗೋಡೆಯ ಮೇಲೆ ಒಣಗಿ ನಿಂತಿರಬಹುದು. ಅದಕ್ಕೆಂದು ನಡುವೆ ಒಂದಂಗುಲದಷ್ಟು ಕೊಳವೆಯನ್ನು ಮಾತ್ರ ಉಗುರಿನಿಂದ ಕಿತ್ತು, ಉಳಿದುದನ್ನು ಹಾಗೆಯೇ ಬಿಡಿಸಿದರು. ಎರಡು ದಿನ ಅತ್ತ ಯಾರೂ ಸುಳಿಯಬಾರದೆಂದು ಅಳಿಯನನ್ನು ಕಾವಲಿಟ್ಟರು. ಗುತ್ತಿಗೆದಾರನು ಎರಡು ಸಲ ಕರೆ ಮಾಡಿ, ತಡಮಾಡಿದರೆ ಮದುವೆಯ ಹೊತ್ತಿಗೆ ಮನೆ ಕುಸಿಯಬಹುದೆಂದನು. ತಂಗಿ ಈ ಸಲ ಅವನಿಗೆ ಗೇಣಿನ ಲೆಕ್ಕದಲ್ಲಿ ಬೆಲೆ ಹೇಳೆಂದಳು. ಅವನು ಮತ್ತೆ ಕರೆ ಮಾಡಲಿಲ್ಲ.

ಮೂರನೆಯ ದಿನ ಬೆಳಗ್ಗೆ ನಂಜನಗೂಡಿಗೆ ಕೊನೆಯ ಚಿತ್ರ ಬಂದಿತು. ಕಿತ್ತ ಅಂಗುಲದ ಜಾಗವೆಲ್ಲ ಹಸಿ ಮಣ್ಣಿನಿಂದ ಮುಚ್ಚಿಹೋಗಿತ್ತು. ಹೊಸ ಮಣ್ಣು ಹಳೆಯದಕ್ಕಿಂತ ಕಪ್ಪಾಗಿ ತೋರುತ್ತಿತ್ತು. ಅಂದೇ ಬಡಗಿ ಮಾವಿನ ತುಂಡನ್ನು ಕತ್ತರಿಸಿ ತೆಗೆದನು. ಆ ಮೂಲೆಯ ಬಿರುಕಿಗಷ್ಟೇ ಬೇರೊಬ್ಬ ತಿಳಿದವನಿಂದ ಔಷಧವನ್ನು ಇಳಿಸಿ ಗಾರೆ ತುಂಬಿಸಿದರು. ತೇಗದ ನಿಲುವು ಒಂದು ಗೇಣೆತ್ತರದ ಕಲ್ಲಿನ ಮೇಲೆ ನಿಂತಿತು. ಹಲಸಿನ ಪೆಟ್ಟಿಗೆಯನ್ನು ನಾಲ್ವರು ಹಿಡಿದು ಮಗುಚಿ ನೋಡಿದಾಗ, ಬಿರುಕಿನಿಂದ ಹೊರಟ ಮತ್ತೊಂದು ಮಣ್ಣಿನ ಗೆರೆ ನೆಲದ ಮೇಲೆ ಹರಿದು ಬಂದು ಅದರ ಕಾಲಿಗೆ ನಾಲ್ಕು ಬೆರಳು ದೂರದಲ್ಲಿ ನಿಂತಿತ್ತು.